ಟಿಎ ಬಿಲ್ಲಿನಲ್ಲಿ ವಿನಾಯಿತಿ: ಯಾವುದಕ್ಕೆ ಕಾರಣ, ಯಾವುದಕ್ಕೆ ಅನುಮತಿ

ಸರ್ಕಾರಿ ಕೆಲಸಕ್ಕಾಗಿ ಕೇಂದ್ರಸ್ಥಾನ ಬಿಟ್ಟು ಹೊರಗೆ ಹೋಗಿಬಂದ ನೌಕರ ಎರಡು ಕಾಗದಗಳನ್ನು ಒಪ್ಪಿಸಬೇಕು. ಹೋದ ಕೆಲಸ ಏನಾಯಿತು ಎಂದು ತಿಳಿಸುವ ಪ್ರವಾಸ ವರದಿ ಒಂದು. ಖರ್ಚಾದ ಹಣವನ್ನು ಕೇಳುವ ಪ್ರಯಾಣ ಭತ್ಯೆಯ ಬಿಲ್ಲು ಇನ್ನೊಂದು. ಕಚೇರಿಗಳಲ್ಲಿ ಎಲ್ಲರೂ ಟಿಎ ಬಿಲ್ ಎನ್ನುವುದು ಇದನ್ನೇ. ಪ್ರವಾಸವೆಲ್ಲ ಅಂದುಕೊಂಡಂತೆ ನಡೆದರೆ ಬಿಲ್ಲು ಕೂಡುವ ಲೆಕ್ಕವಷ್ಟೇ. ರೈಲು ರದ್ದಾದಾಗ, ಕೊನೆಯ ಗಳಿಗೆಯಲ್ಲಿ ವಿಮಾನ ಹತ್ತಬೇಕಾದಾಗ, ಮಿತಿಯೊಳಗಿನ ಕೋಣೆ ಸಿಗದಿದ್ದಾಗ ತೊಡಕು ಶುರುವಾಗುತ್ತದೆ. ನಿಯಮ ದಾಟಿದ ಖರ್ಚಿಗೆ ಏನು ಬರೆಯಬೇಕು, ಯಾರನ್ನು ಕೇಳಬೇಕು, ಯಾವುದನ್ನು ಕೇಳದೆ ಬಿಡಬೇಕು ಎಂಬುದನ್ನು ಕೇಂದ್ರ ಸರ್ಕಾರದ ನಿಯಮಗಳ ಆಧಾರದಲ್ಲಿ ಇಲ್ಲಿ ವಿವರಿಸಿದೆ. ಕರ್ನಾಟಕ ಸರ್ಕಾರದ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಅನ್ವಯಿಸುತ್ತವೆ. ಅಲ್ಲಿನ ದರಗಳೂ ವರ್ಗಗಳೂ ಬೇರೆ.

ನಿಯಮದ ಹಿಂದಿರುವ ತತ್ವ

ಕೇಂದ್ರ ನೌಕರರ ಪ್ರಯಾಣ ಭತ್ಯೆಯ ಮೂಲ ಇರುವುದು ಮೂಲಭೂತ ನಿಯಮಗಳು ಮತ್ತು ಅವುಗಳ ಜೊತೆಗಿರುವ ಪೂರಕ ನಿಯಮಗಳಲ್ಲಿ. ಕಚೇರಿಯ ಮಾತಿನಲ್ಲಿ ಇವು ಎಫ್‌ಆರ್ ಮತ್ತು ಎಸ್‌ಆರ್. ಭತ್ಯೆಯು ಒಟ್ಟಾರೆಯಾಗಿ ಪಡೆಯುವವನಿಗೆ ಲಾಭದ ದಾರಿ ಆಗಬಾರದು ಎಂದು ಎಫ್‌ಆರ್ 44 ಹೇಳುತ್ತದೆ. ಕೈಯಿಂದ ಹೋದದ್ದು ಕೈಗೆ ಬರಬೇಕು, ಅದರ ಮೇಲೆ ಉಳಿಯಬಾರದು ಎಂಬುದು ಇದರ ಸಾರ.

ಇದನ್ನು ಕಾಯುವ ಹೊಣೆ ನಿಯಂತ್ರಣಾಧಿಕಾರಿಯದು. ಆತನ ಸಹಿ ಅಥವಾ ಮೇಲುರುಜು ಇಲ್ಲದೆ ಬಿಲ್ಲು ಪಾಸಾಗದು ಎನ್ನುತ್ತವೆ ಪೂರಕ ನಿಯಮಗಳು. ಸಹಿ ಹಾಕುವ ಮುನ್ನ ಏನನ್ನು ನೋಡಬೇಕೆಂದು ಎಸ್‌ಆರ್ 195 ತಿಳಿಸುತ್ತದೆ: ಪ್ರಯಾಣ ಅಗತ್ಯವಿತ್ತೇ, ಪದೇ ಪದೇ ಹೋಗಬೇಕಿತ್ತೇ, ಅಷ್ಟು ದಿನ ತಂಗಬೇಕಿತ್ತೇ? ಅನಗತ್ಯ ಅಥವಾ ವೃಥಾ ಎಳೆದದ್ದು ಎನಿಸಿದ ಭಾಗವನ್ನು ಆತ ತೆಗೆದುಹಾಕಬಹುದು. ವಿನಾಯಿತಿಗೆ ಬರೆಯುವ ಸಮರ್ಥನೆಯನ್ನು ಓದುವವನು ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾನೆ. ತೊಂದರೆ ಎಷ್ಟಾಯಿತು ಎಂಬ ವರ್ಣನೆ ಆತನಿಗೆ ಬೇಕಿಲ್ಲ. ಬೇರೆ ದಾರಿ ಇರಲಿಲ್ಲ, ಇದ್ದ ದಾರಿಗಳಲ್ಲಿ ಕಡಿಮೆ ಖರ್ಚಿನದನ್ನೇ ಹಿಡಿದದ್ದು ಎಂಬುದಕ್ಕೆ ಪುರಾವೆ ಬೇಕು.

ಮೂರು ಬಗೆಯ ವಿನಾಯಿತಿ

ನಿಯಮ ಮೀರಿದ ಖರ್ಚುಗಳೆಲ್ಲ ಒಂದೇ ಬಗೆಯವಲ್ಲ. ಸಮರ್ಥನೆ ಬರೆಯುವ ಮುನ್ನ ಖರ್ಚು ಯಾವ ಬಗೆಯದೆಂದು ಗುರುತಿಸಿಕೊಳ್ಳಬೇಕು. ಬಹಳಷ್ಟು ಬಿಲ್ಲುಗಳು ಆಕ್ಷೇಪಣೆಯೊಂದಿಗೆ ವಾಪಸಾಗುವುದು ಈ ಗುರುತಿನಲ್ಲಿ ಎಡವಿದ್ದಕ್ಕೆ.

ಮೊದಲನೆಯದು, ನಿಯಮವೇ ಮುಂಗಂಡು ಕಾರಣ ಬರೆದರೆ ಸಾಕು ಎಂದು ಬಿಟ್ಟಿರುವುದು. ವಿಮಾನ ಟಿಕೆಟ್ಟಿನ ವಿಷಯದಲ್ಲಿ ಹಣಕಾಸು ಸಚಿವಾಲಯ 2022ರ ಜೂನ್‌ನಲ್ಲಿ ಹೊರಡಿಸಿದ ಸೂಚನೆ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಯಾಣಕ್ಕೆ ಕನಿಷ್ಠ 21 ದಿನ ಮೊದಲೇ ಟಿಕೆಟ್ ಕಾದಿರಿಸಬೇಕು ಎಂಬುದು ಅದರ ಸಲಹೆ. ಹೊರಡಲು 72 ಗಂಟೆಗಿಂತ ಕಡಿಮೆ ಇದ್ದಾಗ ಕಾದಿರಿಸಿದರೆ ನೌಕರ ತಾನೇ ಘೋಷಿಸಿ ಕಾರಣ ಬರೆದುಕೊಡಬೇಕು. 24 ಗಂಟೆಯೊಳಗೆ ಟಿಕೆಟ್ ರದ್ದು ಮಾಡಿದರೂ ಹಾಗೆಯೇ. ಇಲ್ಲಿ ಮೇಲಿನವರ ಅನುಮತಿಗೆ ಕಾಯಬೇಕಿಲ್ಲ, ಆದರೆ ಕಾರಣದ ಕಾಗದ ಬಿಲ್ಲಿನೊಡನೆ ಇರಲೇಬೇಕು.

ಎರಡನೆಯದು, ಅಧಿಕಾರವುಳ್ಳವರು ಅನುಮತಿ ಕೊಟ್ಟರೆ ಮಾತ್ರ ಸಲ್ಲುವುದು. ಅದೇ ಸೂಚನೆಯ ಪ್ರಕಾರ ವಿಮಾನ ಟಿಕೆಟ್ಟುಗಳನ್ನು ಬಾಮರ್ ಲಾರಿ, ಅಶೋಕ ಟ್ರಾವೆಲ್ಸ್ ಅಂಡ್ ಟೂರ್ಸ್ ಮತ್ತು ಐಆರ್‌ಸಿಟಿಸಿ ಎಂಬ ಮೂರು ಅಧಿಕೃತ ಏಜೆಂಟರ ಮೂಲಕವೇ ಕೊಳ್ಳಬೇಕು. ಅನಿವಾರ್ಯವಾಗಿ ಬೇರೆ ಕಡೆ ಕೊಂಡಿದ್ದರೆ ಅದನ್ನು ಸಡಿಲಿಸುವ ಅಧಿಕಾರ ಸಚಿವಾಲಯದಲ್ಲಿ ಹಣಕಾಸು ಸಲಹೆಗಾರರಿಗೆ, ಅಧೀನ ಕಚೇರಿಗಳಲ್ಲಿ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಇಲಾಖಾ ಮುಖ್ಯಸ್ಥರಿಗೆ ಇದೆ. ದೂರದ ದಾರಿ ಹಿಡಿದದ್ದೂ ಈ ಬಗೆಗೇ ಸೇರುತ್ತದೆ. ಎಸ್‌ಆರ್ 30 ಹತ್ತಿರದ ದಾರಿಯ ಲೆಕ್ಕವನ್ನಷ್ಟೇ ಒಪ್ಪುತ್ತದೆ. ಅಷ್ಟೇ ದೂರದ ಎರಡು ದಾರಿಗಳಿದ್ದರೆ ಅಗ್ಗದ್ದನ್ನು. ಆದರೆ ವಿಶೇಷ ಕಾರಣಗಳನ್ನು ದಾಖಲಿಸಿ ಸಕ್ಷಮ ಪ್ರಾಧಿಕಾರ ಬೇರೆ ದಾರಿಯ ಲೆಕ್ಕವನ್ನು ಒಪ್ಪಬಹುದು, ಆ ದಾರಿಯಲ್ಲಿ ನಿಜವಾಗಿ ಹೋಗಿರಬೇಕು ಎನ್ನುತ್ತದೆ ಎಸ್‌ಆರ್ 31. ಸಕಲೇಶಪುರದ ಘಟ್ಟದಲ್ಲಿ ರೈಲುಹಳಿ ಮುಚ್ಚಿದಾಗ ಮಂಗಳೂರಿನಿಂದ ಪಾಲಕ್ಕಾಡ್, ಸೇಲಂ ಸುತ್ತಿ ಬೆಂಗಳೂರು ಸೇರಿದವರ ಪ್ರಕರಣ ಈ ನಿಯಮದಡಿ ಬರುತ್ತದೆ.

ಮೂರನೆಯದು, ಕಚೇರಿಯ ಯಾರಿಗೂ ಸಡಿಲಿಸುವ ಅಧಿಕಾರವಿಲ್ಲದ ಮಿತಿ. ಹೋಟೆಲ್ ಬಾಡಿಗೆಯ ಗರಿಷ್ಠ ಮೊತ್ತ ಇಂಥದ್ದು. ನಿಯಂತ್ರಣಾಧಿಕಾರಿಗೆ ಬಿಲ್ಲನ್ನು ಕಡಿತ ಮಾಡುವ ಅಧಿಕಾರವಿದೆ, ಮಿತಿಯನ್ನು ಏರಿಸುವ ಅಧಿಕಾರವಿಲ್ಲ. ಇಂಥ ಖರ್ಚಿಗೆ ಎಷ್ಟು ಚೆಂದದ ಕಾರಣ ಬರೆದರೂ ಫಲವಿಲ್ಲ. ಮಿತಿಯಷ್ಟನ್ನು ಮಾತ್ರ ಕೇಳಿ, ಉಳಿದದ್ದನ್ನು ತಾನೇ ಭರಿಸಿಕೊಳ್ಳಬೇಕು. ಪ್ರಕರಣ ಅಷ್ಟು ಗಂಭೀರವಾಗಿದ್ದರೆ ಬಿಲ್ಲಿನಿಂದ ಬೇರೆಯಾಗಿ ಪ್ರಸ್ತಾವವನ್ನು ಸಚಿವಾಲಯದ ಮಟ್ಟಕ್ಕೆ ಕಳುಹಿಸಬಹುದು.

ಈ ವಿಂಗಡಣೆ ಶಾಶ್ವತವೂ ಅಲ್ಲ. ಮೊದಲು ಸರ್ಕಾರಿ ಖರ್ಚಿನ ವಿಮಾನಯಾನ ಏರ್ ಇಂಡಿಯಾದಲ್ಲೇ ಆಗಬೇಕಿತ್ತು, ಬೇರೆ ವಿಮಾನ ಹತ್ತಲು ವಿನಾಯಿತಿ ಪಡೆಯಬೇಕಿತ್ತು. 2021ರಲ್ಲಿ ಆ ಸಂಸ್ಥೆಯನ್ನು ಮಾರುವ ತೀರ್ಮಾನವಾದ ಮೇಲೆ ಆ ಕಟ್ಟು ಹೋಯಿತು. ಹಳೆಯ ಕಡತದ ಮಾದರಿ ನೋಡಿ ಸಮರ್ಥನೆ ಬರೆಯುವವರು ಈಗ ಇಲ್ಲದ ನಿಯಮಕ್ಕೆ ಕಾರಣ ಕೊಡುತ್ತಾ, ಈಗ ಇರುವ ನಿಯಮವನ್ನು ಬಿಟ್ಟುಬಿಡುವುದುಂಟು.

ದರಗಳು ಮತ್ತು ಅರ್ಹತೆ

ಏಳನೇ ವೇತನ ಆಯೋಗದ ನಂತರ 2017ರ ಜುಲೈ 1ರಿಂದ ಜಾರಿಗೆ ಬಂದ ಆದೇಶ ಅರ್ಹತೆಯನ್ನು ವೇತನ ಹಂತದ ಮೇಲೆ ನಿಗದಿ ಮಾಡಿದೆ. 6ರಿಂದ 11ನೇ ಹಂತದವರು ವಿಮಾನದ ಎಕಾನಮಿ ದರ್ಜೆಯಲ್ಲಿ ಅಥವಾ ರೈಲಿನ ಎರಡನೇ ಎಸಿ ದರ್ಜೆಯಲ್ಲಿ ಹೋಗಬಹುದು. 5ನೇ ಹಂತ ಮತ್ತು ಅದಕ್ಕಿಂತ ಕೆಳಗಿನವರಿಗೆ ವಿಮಾನದ ಅರ್ಹತೆ ಇಲ್ಲ. ಅವರು ಅನುಮತಿಯಿಲ್ಲದೆ ವಿಮಾನ ಹತ್ತಿದರೆ ಅದು ಎರಡನೇ ಬಗೆಯ ಪ್ರಕರಣವಾಗುತ್ತದೆ.

9ರಿಂದ 11ನೇ ಹಂತದವರಿಗೆ ದಿನಕ್ಕೆ ಹೋಟೆಲ್ ಬಾಡಿಗೆ 2,250 ರೂಪಾಯಿವರೆಗೆ, ಊರೊಳಗಿನ ಓಡಾಟಕ್ಕೆ 338 ರೂಪಾಯಿವರೆಗೆ, ಊಟಕ್ಕೆ 900 ರೂಪಾಯಿ ಎಂದು 2017ರಲ್ಲಿ ನಿಗದಿಯಾಗಿತ್ತು. ಹೋಟೆಲ್ ಬಾಡಿಗೆಗೆ ರಸೀದಿ ಬೇಕು. ಊರೊಳಗಿನ ಓಡಾಟಕ್ಕೆ ರಸೀದಿ ಇಲ್ಲದಿದ್ದರೆ ಸ್ವಯಂ ದೃಢೀಕರಣ ಸಾಕು, ಆದರೆ ಯಾವಾಗ ಹೋದದ್ದು, ವಾಹನದ ಸಂಖ್ಯೆ ಏನು ಎಂಬುದನ್ನು ಅದರಲ್ಲಿ ನಮೂದಿಸಬೇಕು. ಊಟಕ್ಕೆ ಬಿಲ್ಲು ಕೊಡುವ ಪದ್ಧತಿಯೇ ಇಲ್ಲ. ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ಒಂದು ದಿನ ಎಂದು ಹಿಡಿದು, ಕೇಂದ್ರಸ್ಥಾನದಿಂದ ಹೊರಗಿದ್ದುದು 6 ಗಂಟೆಗಿಂತ ಕಡಿಮೆಯಾದರೆ ಶೇ 30, 6ರಿಂದ 12 ಗಂಟೆಯಾದರೆ ಶೇ 70, 12 ಗಂಟೆ ಮೀರಿದರೆ ಪೂರ್ತಿ ಮೊತ್ತ ಸಿಗುತ್ತದೆ. ತುಟ್ಟಿಭತ್ಯೆ ಶೇ 50ರಷ್ಟು ಏರಿದಾಗಲೆಲ್ಲ ಈ ದರಗಳು ಶೇ 25 ಹೆಚ್ಚಬೇಕೆಂದು ಆದೇಶದಲ್ಲೇ ಇದೆ. ಲೆಕ್ಕ ಸುಲಭವಾಗಿರಲೆಂದು ಮುಂದಿನ ಉದಾಹರಣೆಯಲ್ಲಿ 2017ರ ಮೂಲ ದರಗಳನ್ನೇ ಇಟ್ಟುಕೊಂಡಿದೆ.

ಒಂದು ಪ್ರಕರಣ: ಮಂಗಳೂರಿನಲ್ಲಿ ಸಿಕ್ಕಿಬಿದ್ದ ಅಧಿಕಾರಿ

ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರ 10ನೇ ಹಂತದ ಅಧಿಕಾರಿಯೊಬ್ಬರು ಜುಲೈ ತಿಂಗಳಲ್ಲಿ ಎರಡು ದಿನಗಳ ತಪಾಸಣೆಗೆ ಮಂಗಳೂರಿಗೆ ಹೋದರೆಂದು ಇಟ್ಟುಕೊಳ್ಳಬಹುದು. ಸೋಮವಾರ ರಾತ್ರಿ ಒಂಬತ್ತೂವರೆಯ ರೈಲು ಹತ್ತಿ ಮಂಗಳವಾರ ಬೆಳಿಗ್ಗೆ ತಲುಪಿ, ಒಂದು ರಾತ್ರಿ ತಂಗಿ, ಬುಧವಾರ ರಾತ್ರಿಯ ರೈಲಿನಲ್ಲಿ ಮರಳುವುದು ಮಂಜೂರಾದ ಕಾರ್ಯಕ್ರಮ. ಬುಧವಾರ ಮಧ್ಯಾಹ್ನ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ ಗುಡ್ಡ ಕುಸಿದು ರಾತ್ರಿಯ ರೈಲು ರದ್ದಾಯಿತು. ಶಿರಾಡಿ ಘಾಟಿಯಲ್ಲೂ ಮಣ್ಣು ಬಿದ್ದು ಜಿಲ್ಲಾಡಳಿತ ರಾತ್ರಿ ಸಂಚಾರ ನಿಲ್ಲಿಸಿತು. ಮೊದಲ ರಾತ್ರಿ 2,100 ರೂಪಾಯಿಗೆ ತಂಗಿದ್ದ ಹೋಟೆಲು ಆ ಹೊತ್ತಿಗೆ ಭರ್ತಿ. ಬೇರೆ ಹೋಟೆಲಿನಲ್ಲಿ 3,100 ರೂಪಾಯಿಗೆ ಕೋಣೆ ಸಿಕ್ಕಿತು. ಗುರುವಾರ ಬೆಳಗಿನ ವಿಮಾನಗಳಲ್ಲಿ ಸೀಟಿರಲಿಲ್ಲ. ಮಧ್ಯಾಹ್ನದ ವಿಮಾನಕ್ಕೆ ಅಧಿಕೃತ ಏಜೆಂಟರ ಮೂಲಕ 6,100 ರೂಪಾಯಿ ಕೊಟ್ಟು, ಗುರುವಾರ ಸಂಜೆ ಐದರ ಸುಮಾರಿಗೆ ಅವರು ಬೆಂಗಳೂರು ಸೇರಿದರು.

ಇವರ ಬಿಲ್ಲಿನಲ್ಲಿ ಸಮರ್ಥನೆ ಬೇಡುವ ಅಂಶಗಳು ಯಾವುವು? ವಿಮಾನ ಹತ್ತಿದ್ದೇ ದೊಡ್ಡ ವಿನಾಯಿತಿ ಎಂದು ತೋರಬಹುದು, ಆದರೆ ಅದು ವಿನಾಯಿತಿಯೇ ಅಲ್ಲ. 10ನೇ ಹಂತದವರಿಗೆ ಎಕಾನಮಿ ದರ್ಜೆಯ ಅರ್ಹತೆ ಇದ್ದೇ ಇದೆ, ಬಸ್ಸಿಗೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆ ದರದ ದೃಷ್ಟಿಯಿಂದ ಏಳದು. ಮಂಜೂರಾದ ಕಾರ್ಯಕ್ರಮದಲ್ಲಿ ರೈಲು ಇದ್ದುದರಿಂದ ವಾಹನ ಬದಲಾದದ್ದನ್ನು ವರದಿಯಲ್ಲಿ ಹೇಳಿ ಒಪ್ಪಿಗೆ ಪಡೆದರಾಯಿತು. ನಿಜವಾಗಿ ಕಾರಣ ಬೇಕಾದದ್ದು ಮೂರಕ್ಕೆ: 72 ಗಂಟೆಯೊಳಗೆ ಟಿಕೆಟ್ ಕೊಂಡದ್ದು, ಒಂದು ರಾತ್ರಿ ಹೆಚ್ಚು ತಂಗಿದ್ದು, ಬಾಡಿಗೆ ಮಿತಿ ಮೀರಿದ್ದು.

ಟಿಕೆಟ್ಟಿನದು ಮೊದಲ ಬಗೆ. ರೈಲು ರದ್ದಾದ ಸಂದೇಶದ ಪ್ರತಿ ಲಗತ್ತಿಸಿ, ಅದು ಬಂದ ಹೊತ್ತು ನಮೂದಿಸಿ, ಸ್ವಯಂ ಘೋಷಣೆ ಬರೆದರೆ ಮುಗಿಯಿತು. ಇದರ ಜೊತೆ ಇನ್ನೊಂದು ಕಾಗದ ಬೇಕು. ಆಯ್ದ ಹೊತ್ತಿನ ಮೂರು ಗಂಟೆಯ ಅವಧಿಯಲ್ಲಿರುವ ವಿಮಾನಗಳ ಪೈಕಿ ಅತಿ ಕಡಿಮೆ ದರದ್ದನ್ನು ಕೊಳ್ಳಬೇಕು, ಕಾದಿರಿಸುವಾಗ ಕಂಡ ದರಪಟ್ಟಿಯ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು ಎಂದು 2022ರ ಸೂಚನೆ ಹೇಳುತ್ತದೆ. ಈ ಪುಟವನ್ನು ಆಮೇಲೆ ಪಡೆಯುವ ಮಾರ್ಗವಿಲ್ಲ, ಏಕೆಂದರೆ ದರ ಗಳಿಗೆಗೊಮ್ಮೆ ಬದಲಾಗುತ್ತದೆ. ವಿಮಾನದ ಟಿಎ ಬಿಲ್ಲುಗಳಲ್ಲಿ ಸುಲಭವಾಗಿ ತಪ್ಪಿಹೋಗುವ ಕಾಗದ ಇದು.

ಹೆಚ್ಚುವರಿ ರಾತ್ರಿ ಎಸ್‌ಆರ್ 195ರ ಪ್ರಶ್ನೆ: ವೃಥಾ ತಂಗಿದ್ದೇ? ರೈಲು ರದ್ದಾದದ್ದು ಇದಕ್ಕೆ ಅರ್ಧ ಉತ್ತರ. ರಸ್ತೆಯೂ ಬಂದ್ ಆಗಿತ್ತೆಂಬ ಜಿಲ್ಲಾಡಳಿತದ ಪ್ರಕಟಣೆ ಸೇರಿದಾಗ ಉತ್ತರ ಪೂರ್ತಿಯಾಗುತ್ತದೆ. ಬುಧವಾರ ಸಂಜೆಯೇ ಮೇಲಧಿಕಾರಿಗೆ ಇಮೇಲ್ ಕಳುಹಿಸಿ ವಿಷಯ ತಿಳಿಸಿದ್ದರೆ ಅದರ ಪ್ರತಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಘಟನೆ ನಡೆದ ಹೊತ್ತಿನಲ್ಲೇ ಹುಟ್ಟಿದ ಕಾಗದಕ್ಕೆ ಇರುವ ತೂಕ, ಬಿಲ್ಲು ಬರೆಯುವಾಗ ನೆನಪಿನಿಂದ ಬರೆದ ಮಾತಿಗೆ ಇರುವುದಿಲ್ಲ.

ಹೋಟೆಲಿನದು ಮೂರನೇ ಬಗೆ. 3,100ರಲ್ಲಿ 2,250 ಮಾತ್ರ ಕೇಳಬಹುದು, ಉಳಿದ 850 ರೂಪಾಯಿ ಕೈಯಿಂದಲೇ. ಮೊದಲ ರಾತ್ರಿ ಮಿತಿಗಿಂತ 150 ರೂಪಾಯಿ ಕಡಿಮೆ ಖರ್ಚಾಗಿದೆ, ಅದನ್ನು ಎರಡನೇ ರಾತ್ರಿಗೆ ಸೇರಿಸೋಣ ಎಂಬ ಲೆಕ್ಕವೂ ನಡೆಯದು. ಮಿತಿ ಇರುವುದು ದಿನಕ್ಕೆ.

ಇನ್ನು ಉಳಿದ ಲೆಕ್ಕ. ಹೋಗುವಾಗಿನ ಎರಡನೇ ಎಸಿ ಟಿಕೆಟ್ 1,150 ಎಂದಿಟ್ಟುಕೊಂಡರೆ ಅದು ಪೂರ್ತಿ ಸಲ್ಲುತ್ತದೆ. ರದ್ದಾದ ರೈಲಿನ ಟಿಕೆಟ್ ಹಣವನ್ನು ರೈಲ್ವೆ ಪೂರ್ತಿ ಹಿಂದಿರುಗಿಸುತ್ತದೆ, ಹಾಗಾಗಿ ಅದು ಬಿಲ್ಲಿನಲ್ಲಿ ಬರಕೂಡದು. ಮರೆತು ಸೇರಿಸಿದರೂ ಒಂದೇ ಹಣವನ್ನು ಎರಡು ಸಲ ಪಡೆದಂತೆ ಆಗುತ್ತದೆ. ಮನೆಯಿಂದ ರೈಲು ನಿಲ್ದಾಣಕ್ಕೆ, ಮಂಗಳೂರು ನಿಲ್ದಾಣದಿಂದ ಹೋಟೆಲಿಗೆ ಆಟೋ 270. ಹೋಟೆಲಿನಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ, ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದಿಂದ ಮನೆಗೆ ಟ್ಯಾಕ್ಸಿ ಒಟ್ಟು 1,300. ಈ ಪ್ರಯಾಣಗಳು 338 ರೂಪಾಯಿಯ ಮಿತಿಯೊಳಗೆ ಬರಬೇಕೆಂದು ಹಲವರು ತಪ್ಪು ತಿಳಿಯುತ್ತಾರೆ. ಆ ಮಿತಿ ಪ್ರವಾಸದ ಊರಿನ ಒಳಗಿನ ಓಡಾಟಕ್ಕೆ. ನಿಲ್ದಾಣಕ್ಕೆ ಹೋಗಿಬರುವುದು ರಸ್ತೆ ಪ್ರಯಾಣದ ಬಾಬತ್ತು. ಆದರೆ ಇಲ್ಲೂ ಸಾರಿಗೆ ಇಲಾಖೆ ನಿಗದಿ ಮಾಡಿದ ದರವೇ ಮೇಲ್ಮಿತಿ, ಮೇಲಾಗಿ ಈ ಹಂತದವರಿಗೆ ಎಸಿ ಟ್ಯಾಕ್ಸಿಯ ದರ ಸಲ್ಲದು. ಆ ಲೆಕ್ಕಕ್ಕೆ 1,120 ಆಗುತ್ತದೆಂದಿಟ್ಟುಕೊಂಡರೆ 180 ರೂಪಾಯಿ ಬಿಟ್ಟುಕೊಡಬೇಕು. ಮಂಗಳವಾರ, ಬುಧವಾರ ಊರೊಳಗಿನ ಆಟೋ 300 ಮತ್ತು 320, ಎರಡೂ ಮಿತಿಯೊಳಗಿವೆ.

ಊಟದ ಮೊತ್ತ ಸೋಮವಾರಕ್ಕೆ ಶೇ 30, ಅಂದರೆ 270. ಉಳಿದ ಮೂರು ದಿನ ಪೂರ್ತಿ 900ರಂತೆ 2,700. ಗುರುವಾರ ಸಂಜೆ ಐದಕ್ಕೆ ಮರಳಿದ್ದರೂ ಮಧ್ಯರಾತ್ರಿಯಿಂದ ಎಣಿಸಿದರೆ ಹನ್ನೆರಡು ಗಂಟೆ ಮೀರಿರುತ್ತದೆ. ಎಲ್ಲ ಕೂಡಿದಾಗ ರೈಲು 1,150, ಆಟೋ 270, ಊರೊಳಗಿನ ಓಡಾಟ 620, ಹೋಟೆಲು 4,350, ವಿಮಾನ 6,100, ಟ್ಯಾಕ್ಸಿ 1,120, ಊಟ 2,970; ಒಟ್ಟು 16,580 ರೂಪಾಯಿ. ಕೈಯಿಂದ ಹೋದದ್ದು ಹೋಟೆಲಿನ 850 ಮತ್ತು ಟ್ಯಾಕ್ಸಿಯ 180.

ವರದಿ ಮತ್ತು ಬಿಲ್ಲು ಒಂದನ್ನೊಂದು ಹಿಡಿದು ನಿಲ್ಲಬೇಕು

ಪ್ರವಾಸ ವರದಿಯನ್ನು ಬಿಲ್ಲಿಗೆ ಸಂಬಂಧವಿಲ್ಲದ ಕಾಗದವೆಂದು ಕಾಣುವುದು ಸಾಮಾನ್ಯ. ಆದರೆ ವಿನಾಯಿತಿಯ ನಿಜವಾದ ಬುನಾದಿ ವರದಿಯಲ್ಲಿದೆ. ಪ್ರವಾಸಕ್ಕೆ ಮಂಜೂರಾತಿ ಕೊಟ್ಟ ಆದೇಶದ ಸಂಖ್ಯೆ ಮತ್ತು ದಿನಾಂಕ, ಹೊರಟ ಮತ್ತು ತಲುಪಿದ ಹೊತ್ತು, ಪ್ರತಿ ದಿನ ಮಾಡಿದ ಕೆಲಸ, ಭೇಟಿ ಮಾಡಿದ ಅಧಿಕಾರಿಗಳು, ಕಂಡ ಅಂಶಗಳು, ಮುಂದೆ ಆಗಬೇಕಾದ ಕ್ರಮ ಇಷ್ಟು ಅದರಲ್ಲಿ ಇರಬೇಕು. ಕಾರ್ಯಕ್ರಮ ಬದಲಾಗಿದ್ದರೆ ಎಲ್ಲಿ, ಏಕೆ ಬದಲಾಯಿತು ಎಂಬ ಒಂದು ಪ್ರತ್ಯೇಕ ಪರಿಚ್ಛೇದ ಬೇಕು. ಬಿಲ್ಲಿನ ಸಮರ್ಥನೆ ಆ ಪರಿಚ್ಛೇದದ ಸಂಖ್ಯೆಯನ್ನು ತೋರಿಸಿದರೆ ಅದೇ ಕಥೆಯನ್ನು ಎರಡು ಕಡೆ ಬರೆಯುವ ಕೆಲಸ ತಪ್ಪುತ್ತದೆ, ಎರಡು ಕಡೆ ಎರಡು ಬಗೆಯಾಗಿ ಬರೆದುಬಿಡುವ ಅಪಾಯವೂ ತಪ್ಪುತ್ತದೆ.

ಲೆಕ್ಕ ಶಾಖೆ ಬಿಲ್ಲನ್ನು ಪರೀಕ್ಷಿಸುವಾಗ ಹುಡುಕುವುದು ಈ ಹೊಂದಾಣಿಕೆಯನ್ನೇ. ವರದಿಯ ಪ್ರಕಾರ ಮಧ್ಯಾಹ್ನವೆಲ್ಲ ಪುತ್ತೂರಿನಲ್ಲಿದ್ದವರ ಹೆಸರಿನಲ್ಲಿ ಅದೇ ಹೊತ್ತಿಗೆ ಮಂಗಳೂರಿನ ಆಟೋ ಖರ್ಚು ಇದ್ದರೆ, ಟ್ಯಾಕ್ಸಿ ಎಂದು ಕೊಟ್ಟ ವಾಹನ ಸಂಖ್ಯೆ ದ್ವಿಚಕ್ರ ವಾಹನದ್ದಾಗಿದ್ದರೆ, ಬೇರೆ ಬೇರೆ ದಿನದ ರಸೀದಿಗಳ ಕ್ರಮಸಂಖ್ಯೆ ಒಂದರ ಬೆನ್ನಿಗೆ ಒಂದಿದ್ದರೆ ಇಡೀ ಬಿಲ್ಲಿನ ಮೇಲೆ ಅನುಮಾನ ಬೀಳುತ್ತದೆ. ಆಗ ನ್ಯಾಯವಾದ ವಿನಾಯಿತಿಯೂ ಅದರೊಡನೆ ಸಿಕ್ಕಿಕೊಳ್ಳುತ್ತದೆ. ಸುಳ್ಳು ಬಿಲ್ಲೆಂದು ಸಾಬೀತಾದರೆ ಹಣ ವಸೂಲಿಯೊಂದಿಗೆ ಇಲಾಖಾ ವಿಚಾರಣೆಯೂ ಎದುರಾಗುತ್ತದೆ.

ಸಮರ್ಥನೆಯ ಬರವಣಿಗೆ

“ಅನಿವಾರ್ಯ ಕಾರಣಗಳಿಂದ ವಿಮಾನದಲ್ಲಿ ಬರಬೇಕಾಯಿತು, ದಯಮಾಡಿ ಮಂಜೂರು ಮಾಡಬೇಕು” ಎಂಬ ಬಗೆಯ ಸಮರ್ಥನೆಗಳು ಕಡತಗಳಲ್ಲಿ ತುಂಬಿವೆ. ಇದರಲ್ಲಿ ಕಾರಣವೇ ಇಲ್ಲ, ಯಾವ ನಿಯಮದಡಿ ಏನನ್ನು ಮಂಜೂರು ಮಾಡಬೇಕು ಎಂಬುದೂ ಇಲ್ಲ. ಓದಿದ ಅಧಿಕಾರಿ ಪ್ರಶ್ನೆ ಕೇಳದೆ ಸಹಿ ಹಾಕಲು ಬರುವುದಿಲ್ಲ.

ಮಂಗಳೂರಿನ ಪ್ರಕರಣಕ್ಕೆ ಬರೆಯಬಹುದಾದ ಸಮರ್ಥನೆ ಹೀಗಿರಬಹುದು: “ಮಂಜೂರಾದ ಕಾರ್ಯಕ್ರಮದಂತೆ ಬುಧವಾರ ರಾತ್ರಿಯ ರೈಲಿನಲ್ಲಿ ಮರಳಬೇಕಿತ್ತು. ಅಂದು ಮಧ್ಯಾಹ್ನ 2.40ಕ್ಕೆ ರೈಲು ರದ್ದಾದ ಸಂದೇಶ ಬಂತು (ಲಗತ್ತು 1). ಶಿರಾಡಿ ಘಾಟಿಯಲ್ಲಿ ರಾತ್ರಿ ಸಂಚಾರ ನಿಷೇಧಿಸಲಾಗಿತ್ತು (ಲಗತ್ತು 2). ವಿಷಯವನ್ನು ಅದೇ ಸಂಜೆ ನಿಯಂತ್ರಣಾಧಿಕಾರಿಗೆ ಇಮೇಲ್ ಮೂಲಕ ತಿಳಿಸಲಾಗಿದೆ (ಲಗತ್ತು 3). ಗುರುವಾರ ಮಧ್ಯಾಹ್ನದ ಅವಧಿಯಲ್ಲಿ ಲಭ್ಯವಿದ್ದ ಅತಿ ಕಡಿಮೆ ದರದ ಟಿಕೆಟ್ಟನ್ನು ಅಧಿಕೃತ ಏಜೆಂಟರಿಂದ ಕೊಳ್ಳಲಾಗಿದೆ (ಲಗತ್ತು 4). 72 ಗಂಟೆಯೊಳಗೆ ಕಾದಿರಿಸಿದ್ದಕ್ಕೆ ಇದೇ ಕಾರಣವೆಂದು ಘೋಷಿಸಲಾಗಿದೆ. ರದ್ದಾದ ರೈಲಿನ ಟಿಕೆಟ್ ಹಣವನ್ನು ಕೇಳಿಲ್ಲ. ಹೋಟೆಲ್ ಬಾಡಿಗೆಯನ್ನು ಮಿತಿಗೆ ಇಳಿಸಿ ಕೇಳಲಾಗಿದೆ.”

ಇದರಲ್ಲಿ ವಿನಂತಿಯ ಮಾತಿಲ್ಲ, ಆದರೂ ಅಧಿಕಾರಿ ಕೇಳಬಹುದಾದ ಪ್ರತಿ ಪ್ರಶ್ನೆಗೂ ಕಾಗದ ಸಮೇತ ಉತ್ತರವಿದೆ. ಕೊನೆಯ ಎರಡು ವಾಕ್ಯಗಳು ಕೇಳದೆ ಬಿಟ್ಟದ್ದನ್ನು ಹೇಳುತ್ತವೆ. ಬರೆದವನು ನಿಯಮ ಬಲ್ಲವನು, ಭತ್ಯೆಯಿಂದ ಉಳಿಸಿಕೊಳ್ಳಲು ಹೊರಟವನಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಎರಡನೇ ಬಗೆಯ ಪ್ರಕರಣಕ್ಕೆ ಇಷ್ಟು ಸಾಲದು. ಇದೇ ಅಧಿಕಾರಿ ಗಡಿಬಿಡಿಯಲ್ಲಿ ವಿಮಾನ ಸಂಸ್ಥೆಯ ತಾಣದಲ್ಲೇ ಟಿಕೆಟ್ ಕೊಂಡಿದ್ದರೆ ಬಿಲ್ಲಿನೊಡನೆ ಕಾರಣ ಲಗತ್ತಿಸುವ ಬದಲು ಮೊದಲು ಪ್ರತ್ಯೇಕ ಟಿಪ್ಪಣಿಯಲ್ಲಿ ಘಟನೋತ್ತರ ಮಂಜೂರಾತಿ ಕೇಳಬೇಕು. ಅಧಿಕೃತ ಏಜೆಂಟರಲ್ಲಿ ಪ್ರಯತ್ನಿಸಿ ಆಗಲಿಲ್ಲ ಎಂಬುದಕ್ಕೆ ಸಾಕ್ಷಿ ಇರಬೇಕು. ಆದೇಶ ಬಂದ ಮೇಲೆ ಅದರ ಪ್ರತಿಯೊಂದಿಗೆ ಬಿಲ್ಲು ಹೋಗಬೇಕು.

ಗಡುವು

ಪ್ರವಾಸದ ಮುಂಗಡ ಪಡೆದಿದ್ದರೆ ಮರಳಿದ 15 ದಿನಗಳಲ್ಲಿ ಹೊಂದಾಣಿಕೆ ಬಿಲ್ಲು ಕೊಡಬೇಕು. ಮುಂಗಡ ಇಲ್ಲದಿದ್ದರೂ ಗಡುವು ಮೊದಲಿನಷ್ಟು ಉದ್ದವಾಗಿಲ್ಲ. ಒಂದು ವರ್ಷವಿದ್ದ ಅವಧಿಯನ್ನು 2018ರ ಮಾರ್ಚ್‌ನಲ್ಲಿ ಹಣಕಾಸು ಸಚಿವಾಲಯ 60 ದಿನಕ್ಕೆ ಇಳಿಸಿತು. 2021ರಲ್ಲಿ ನಿವೃತ್ತಿಯ ಪ್ರಯಾಣಕ್ಕೆ ಮಾತ್ರ ಅದನ್ನು 180 ದಿನಕ್ಕೆ ಏರಿಸಲಾಯಿತು. ಮಾಮೂಲಿ ಪ್ರವಾಸಕ್ಕೆ 60 ದಿನ ಹಾಗೆಯೇ ಉಳಿದಿದೆ. ವಿನಾಯಿತಿಯ ಮಂಜೂರಾತಿಗೆ ಕಾಯುತ್ತಾ ಬಿಲ್ಲು ಹಿಡಿದುಕೊಂಡು ಕೂತರೆ ಹಕ್ಕೇ ಕಳೆದುಹೋಗಬಹುದು. ಅಂಥ ಸಂದರ್ಭದಲ್ಲಿ ಮಂಜೂರಾತಿ ಕೇಳಿದ ಟಿಪ್ಪಣಿಯ ಸಂಖ್ಯೆ ನಮೂದಿಸಿ ಬಿಲ್ಲನ್ನು ಗಡುವಿನೊಳಗೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳುವುದೇ ಸರಿಯಾದ ಕ್ರಮ.